ಬಿಸಿಲುಕೋಲಿನ ಧೂಳಿನಲ್ಲಿ ಆರು ಪರಮಾಣು: ಮೊದಲು ಎರಡು, ಆಮೇಲೆ ಮೂರು, ಈ ಲೆಕ್ಕ ಯಾಕೆ?

ಅರೆಬೆಂದ ಓದುಗ

ಎಲ್ಲರಿಗೂ ನಮಸ್ಕಾರ. ವೈಶೇಷಿಕ ದರ್ಶನ ಓದಲು ಶುರು ಮಾಡಿ ಎರಡು ವಾರ ಆಯ್ತು. ಅನ್ನಂಭಟ್ಟರ ತರ್ಕಸಂಗ್ರಹವನ್ನು ಒಂದು ಕನ್ನಡ ವಿವರಣೆಯ ಜೊತೆ ಇಟ್ಟುಕೊಂಡು ಕೂತಿದ್ದೇನೆ. ಪದಾರ್ಥಗಳು ಏಳು, ದ್ರವ್ಯ ಒಂಬತ್ತು, ಗುಣ ಇಪ್ಪತ್ತನಾಲ್ಕು ಅಂತ ಬಾಯಿಪಾಠ ಆಗಿದೆ, ಆದರೆ ಅದರಿಂದ ಏನು ಮಾಡಬೇಕು ಅಂತ ತಿಳಿದಿಲ್ಲ.

ಸಿಕ್ಕಿಹಾಕಿಕೊಂಡಿದ್ದು ಪರಮಾಣು ಬಂದಾಗ. ಎರಡು ಪರಮಾಣು ಸೇರಿ ಒಂದು ದ್ವ್ಯಣುಕ. ಮೂರು ದ್ವ್ಯಣುಕ ಸೇರಿ ಒಂದು ತ್ರ್ಯಣುಕ. ಈ ತ್ರ್ಯಣುಕವೇ ಕಿಟಕಿಯ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣ, ಕಣ್ಣಿಗೆ ಕಾಣುವ ಅತಿ ಸಣ್ಣ ವಸ್ತು. ಅಂದರೆ ಆ ಕಣದಲ್ಲಿ ಒಟ್ಟು ಆರು ಪರಮಾಣು. ಸರಿ, ಆದರೆ ಯಾಕೆ ಆರು? ಮೊದಲು ಎರಡು, ಆಮೇಲೆ ಮೂರು ಅನ್ನೋದು ಎಲ್ಲಿಂದ ಬಂತು? ನೇರವಾಗಿ ಮೂರು ಪರಮಾಣು ಸೇರಿದರೆ ಆಗಲ್ವಾ? ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ.

ಪ್ರಾಚೀನ ಪ್ರೇಮಿ

ಒಳ್ಳೆ ಪ್ರಶ್ನೆ. ಡಾಲ್ಟನ್ 1808ರಲ್ಲಿ ಹೇಳಿದ್ದನ್ನು ವೈಶೇಷಿಕ ಸೂತ್ರ ಬರೆದ ನಮ್ಮ ಕಣಾದ ಮಹರ್ಷಿಗಳು ಸಾವಿರಾರು ವರ್ಷ ಮೊದಲೇ ಹೇಳಿಬಿಟ್ಟಿದ್ದರು. ಕಣವನ್ನು ಕಂಡುಹಿಡಿದದ್ದಕ್ಕೇ ಕಣಾದ ಅಂತ ಹೆಸರು. ದ್ವ್ಯಣುಕ ಅಂದರೆ ಇವತ್ತಿನ ಮಾಲಿಕ್ಯೂಲ್. ಆಕ್ಸಿಜನ್‌ನಲ್ಲಿ ಎರಡು ಪರಮಾಣು ಇರುತ್ತವಲ್ಲ, ಅದೇ. ಓಝೋನ್‌ನಲ್ಲಿ ಮೂರು, ಅದು ತ್ರ್ಯಣುಕ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಬೆಳಗಿನ ಬಿಸಿಲು

ನಮ್ಮ ಮನೆಯಲ್ಲೂ ಬೆಳಿಗ್ಗೆ ಬಿಸಿಲು ಬಂದಾಗ ಇಂಥ ಧೂಳು ಜಾಸ್ತಿ ಕಾಣುತ್ತದೆ, ನನಗೆ ಅಲರ್ಜಿ ಬೇರೆ. ಈ ಆರರ ಲೆಕ್ಕ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗಲ್ವಾ? ಒಂದು ಕಣ ಹಿಡಿದು ಎಣಿಸಿದರೆ ಆಯ್ತು.

ರಸಾಯನ ಮೇಷ್ಟ್ರು

ಎಣಿಸೋಣ ಬನ್ನಿ. ಧೂಳಿನ ಕಣ ಸುಮಾರು 10 ಮೈಕ್ರಾನ್ ಅಗಲ ಇದೆ ಅಂತ ಇಟ್ಟುಕೊಳ್ಳಿ. ಅಷ್ಟು ಸಣ್ಣ ಗಟ್ಟಿ ವಸ್ತುವಿನಲ್ಲಿ ಅಂದಾಜು 50 ಲಕ್ಷ ಕೋಟಿ ಪರಮಾಣು ಇರುತ್ತವೆ. ಆರು ಎಲ್ಲಿ, ಇದು ಎಲ್ಲಿ. ಆದ್ದರಿಂದ ಆರು ಅನ್ನುವುದು ಅಳತೆ ಮಾಡಿ ಬಂದ ಸಂಖ್ಯೆ ಅಲ್ಲ, ಅದನ್ನು ಅಳತೆ ಅಂತ ಓದಿದರೆ ತಪ್ಪು ಉತ್ತರ ಅಷ್ಟೆ.

ಪ್ರಾಚೀನ ಪ್ರೇಮಿ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಡಾಲ್ಟನ್‌ನ ಕೆಲಸ ನಿಂತಿರುವುದು ತೂಕದ ಮೇಲೆ. ಇಷ್ಟು ಗ್ರಾಂ ಇದು, ಇಷ್ಟು ಗ್ರಾಂ ಅದು ಸೇರುತ್ತದೆ, ಆ ಪ್ರಮಾಣ ಬದಲಾಗುವುದಿಲ್ಲ, ಯಾಕೆ ಅಂತ ಕೇಳಿದವನು ಅವನು. ವೈಶೇಷಿಕದಲ್ಲಿ ಅಂಥ ತೂಕದ ಲೆಕ್ಕ ನಾನು ನೋಡಿಲ್ಲ. ಇನ್ನು ಓಝೋನ್‌ನಲ್ಲಿ ಮೂರು ಪರಮಾಣು, ತ್ರ್ಯಣುಕದಲ್ಲಿ ಆರು. ನಿಮ್ಮ ಹೋಲಿಕೆ ಲೆಕ್ಕದಲ್ಲೇ ಕೂಡುವುದಿಲ್ಲ.

ಆದರೆ ಯಾಕೆ ಎರಡು, ಯಾಕೆ ಮೂರು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ತಿಳಿದವರು ಹೇಳಲಿ.

ತರ್ಕಪ್ಪ

ಪಾಠಶಾಲೆಯಲ್ಲಿ ನಾಲ್ಕು ವರ್ಷ ಇದೇ ಅರೆದಿದ್ದೇನೆ, ನಿಧಾನವಾಗಿ ಹೇಳುತ್ತೇನೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಕಣಾದ ಅಂದರೆ ಕಣ ಕಂಡುಹಿಡಿದವನು ಅಲ್ಲ, ಕಾಳು ತಿನ್ನುವವನು. ಕೊನೆಯಲ್ಲಿರುವ 'ಅದ' ಅಂದರೆ ತಿನ್ನುವವನು. ಬಿದ್ದ ಕಾಳು ಆರಿಸಿ ತಿಂದು ಬದುಕಿದ ಋಷಿ ಅಂತ ಕಥೆ. ವಿರೋಧಿಗಳು ಇದನ್ನೇ ಹಿಡಿದು ಹಾಸ್ಯ ಮಾಡುತ್ತಿದ್ದರು.

ಈಗ ಮೂಲ ಪ್ರಶ್ನೆ. ಇದು ಧೂಳಿನ ಪ್ರಶ್ನೆ ಅಲ್ಲ, ಅಳತೆಯ ಪ್ರಶ್ನೆ. ಸಣ್ಣದರಿಂದ ದೊಡ್ಡದು ಹೇಗೆ ಹುಟ್ಟುತ್ತದೆ? ನಮಗೆ ಇದು ಪ್ರಶ್ನೆ ಅಂತಲೇ ಅನಿಸುವುದಿಲ್ಲ, ಸಣ್ಣ ಸಣ್ಣದು ಸೇರಿಸಿದರೆ ದೊಡ್ಡದಾಗುತ್ತದೆ ಅಂದುಕೊಂಡು ಮುಂದೆ ಹೋಗುತ್ತೇವೆ. ಅವರಿಗೆ ಅಲ್ಲೇ ತೊಡಕು ಕಂಡಿತು.

ಅವರ ನಿಯಮ ಹೀಗಿದೆ. ಬಿಡಿ ಭಾಗಗಳ ಅಳತೆ, ಅವು ಸೇರಿ ಆದ ವಸ್ತುವಿನಲ್ಲಿ ತನ್ನದೇ ಜಾತಿಯ, ತನಗಿಂತ ಜೋರಾದ ಅಳತೆಯನ್ನು ಹುಟ್ಟಿಸುತ್ತದೆ. ನೂಲಿನ ಎಳೆ ದೊಡ್ಡದು, ಅಂದರೆ ಕಣ್ಣಿಗೆ ಕಾಣುವಷ್ಟು ದೊಡ್ಡದು, ಆದ್ದರಿಂದ ಅದರಿಂದಾದ ಬಟ್ಟೆ ಇನ್ನೂ ದೊಡ್ಡದು. ಇಲ್ಲಿಯವರೆಗೆ ಸರಿ. ಈಗ ಅದೇ ನಿಯಮವನ್ನು ಪರಮಾಣುವಿಗೆ ಹಾಕಿ. ಪರಮಾಣುವಿನ ಅಳತೆ 'ಅಣು', ಸಣ್ಣತನವೇ ಅದರ ಜಾತಿ. ಅದು ತನ್ನದೇ ಜಾತಿಯ ಇನ್ನೂ ಜೋರಾದ ಅಳತೆ ಹುಟ್ಟಿಸಿದರೆ? ಎರಡು ಪರಮಾಣು ಸೇರಿದಾಗ ಆದದ್ದು ಪರಮಾಣುವಿಗಿಂತಲೂ ಸಣ್ಣದಾಗಬೇಕು! ಸೇರಿಸುತ್ತಾ ಹೋದಷ್ಟೂ ವಸ್ತು ಕುಗ್ಗುತ್ತಾ ಹೋಗುತ್ತದೆ.

ಇದು ಆಗಬಾರದು. ಆದ್ದರಿಂದ ಅವರು ಹೇಳಿದ್ದು, ಪರಮಾಣುವಿನ ಅಳತೆ ಯಾವುದಕ್ಕೂ ಕಾರಣವೇ ಅಲ್ಲ. ಅದು ಇದೆ, ಅಷ್ಟೆ, ಏನನ್ನೂ ಹುಟ್ಟಿಸುವುದಿಲ್ಲ. ಹಾಗಾದರೆ ದ್ವ್ಯಣುಕದ ಅಳತೆ ಎಲ್ಲಿಂದ ಬಂತು? ಸಂಖ್ಯೆಯಿಂದ. ಎರಡು ಪರಮಾಣುಗಳಲ್ಲಿ 'ಎರಡುತನ' ಅನ್ನುವ ಗುಣ ಇದೆಯಲ್ಲ, ಅದು ಹುಟ್ಟಿಸಿತು.

ಅರೆಬೆಂದ ಓದುಗ

ಒಂದು ನಿಮಿಷ ಸರ್. ಸಂಖ್ಯೆ ಗುಣವಾ? ಎರಡು ಅನ್ನುವುದು ನಾವು ಎಣಿಸಿದ್ದು ಅಲ್ವಾ, ಅದು ವಸ್ತುವಿನಲ್ಲಿ ಹೇಗೆ ಕೂತಿರುತ್ತದೆ? ಗುಣ ಅಂದರೆ ನಾನು ಒಳ್ಳೆ ಗುಣ, ಕೆಟ್ಟ ಗುಣ ಅಂದುಕೊಂಡು ಓದುತ್ತಿದ್ದೆ, ನಗಬೇಡಿ.

ತರ್ಕಪ್ಪ

ನಗುವುದಿಲ್ಲ, ಕನ್ನಡದವರಿಗೆ ಈ ಶಾಸ್ತ್ರದಲ್ಲಿ ಇರುವ ದೊಡ್ಡ ತೊಂದರೆಯೇ ಇದು. ಎಲ್ಲ ಪದಗಳೂ ಗೊತ್ತಿರುವ ಹಾಗೆ ಕಾಣುತ್ತವೆ. ಪದಾರ್ಥ ಅಂದರೆ ಅಡುಗೆಮನೆ ನೆನಪಾಗುತ್ತದೆ. ಸಾಮಾನ್ಯ ಅಂದರೆ ಮಾಮೂಲಿ. ಕರ್ಮ ಅಂದರೆ ಹಣೆಬರಹ. ವಿಶೇಷ ಅಂದರೆ ಏನ್ ಸಮಾಚಾರ ಅಂತ ಕೇಳುವುದು. ಇವೆಲ್ಲವನ್ನೂ ಬಾಗಿಲ ಹೊರಗೆ ಬಿಟ್ಟು ಬರಬೇಕು.

ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ನಿಮ್ಮ ಬಿಸಿಲುಕೋಲಿನ ಕಣವನ್ನೇ ಮುಂದಿಟ್ಟುಕೊಳ್ಳಿ. ಅದರ ಬಗ್ಗೆ ಏನೇನು ಹೇಳಬಹುದೋ ಹೇಳಿ, ಪ್ರತಿ ಮಾತೂ ಒಂದಲ್ಲ ಒಂದು ಪದಾರ್ಥದ ಕಡೆ ಬೆರಳು ತೋರಿಸುತ್ತದೆ. ಪದಾರ್ಥ ಅಂದರೆ ಅಷ್ಟೇ, ಪದಕ್ಕೆ ಸಿಗುವ ಅರ್ಥ, ಮಾತು ಹೋಗಿ ಮುಟ್ಟುವ ಸಂಗತಿ.

ಕಣ ಇದೆ. ಅದು ದ್ರವ್ಯ, ಮಿಕ್ಕದ್ದೆಲ್ಲ ಬಂದು ಕೂರುವ ಜಾಗ. ಅದಕ್ಕೆ ಬಣ್ಣ ಇದೆ, ಅಳತೆ ಇದೆ, ಒಂದು ಅನ್ನುವ ಸಂಖ್ಯೆ ಇದೆ. ಇವು ಗುಣ, ದ್ರವ್ಯದ ಮೇಲೆ ಕೂತಿರುತ್ತವೆ, ತಾವೇ ಬೇರೆ ನಿಲ್ಲಲಾರವು. ಅದು ತೇಲಾಡುತ್ತದೆ, ಆ ಚಲನೆ ಕರ್ಮ. ಇದೂ ಮಣ್ಣು, ಪಕ್ಕದ ಕಣವೂ ಮಣ್ಣು ಅನ್ನುತ್ತೇವೆ, ಎರಡರಲ್ಲೂ ಇರುವ ಆ ಒಂದೇ 'ಮಣ್ಣುತನ' ಸಾಮಾನ್ಯ. ಕಣ ತನ್ನ ದ್ವ್ಯಣುಕಗಳಲ್ಲಿ ಇದೆ, ಬಣ್ಣ ಕಣದಲ್ಲಿ ಇದೆ, ಬಿಡಿಸಿ ಬೇರೆ ಇಡಲಾಗದ ಆ ನಂಟು ಸಮವಾಯ. ಮೋಡ ಬಂತು, ಬಿಸಿಲು ಹೋಯಿತು, 'ಕೋಣೆಯಲ್ಲಿ ಬಿಸಿಲಿಲ್ಲ' ಅನ್ನುತ್ತೀರಿ. ಆ 'ಇಲ್ಲ' ಅನ್ನುವುದೂ ಒಂದು ಸಂಗತಿ, ಅದು ಅಭಾವ. ಕಣಾದರ ಸೂತ್ರದ ಪಟ್ಟಿಯಲ್ಲಿ ಆರೇ ಇದ್ದವು, ಆಮೇಲೆ ಈ ದರ್ಶನವನ್ನು ವಿವರಿಸಿ ಬರೆದ ಪ್ರಶಸ್ತಪಾದರಲ್ಲೂ ಆರೇ. ಅಭಾವವನ್ನು ಏಳನೆಯದಾಗಿ ಕೂರಿಸಿದ್ದು ಆಮೇಲಿನವರು.

ವಿಶೇಷ ಒಂದು ಉಳಿಯಿತು, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಎರಡುತನ. ನಿಮ್ಮ ಅನುಮಾನ ಅರ್ಧ ಸರಿ. ಒಂದು ಅನ್ನುವುದು ವಸ್ತುವಿನಲ್ಲಿ ತಾನಾಗಿಯೇ ಇರುತ್ತದೆ. ಆದರೆ ಎರಡು ಹುಟ್ಟಬೇಕಾದರೆ 'ಇದೊಂದು, ಇದೊಂದು' ಅಂತ ಯಾರಾದರೂ ಒಟ್ಟಿಗೆ ನೋಡಬೇಕು ಅಂತ ಅವರೇ ಹೇಳುತ್ತಾರೆ. ಆ ನೋಟ ಹೋದರೆ ಎರಡುತನವೂ ಹೋಗುತ್ತದೆ. ಆದರೂ ಅದು ಮನಸ್ಸಿನೊಳಗೆ ಹುಟ್ಟುವುದಿಲ್ಲ, ಆ ಎರಡು ವಸ್ತುಗಳಲ್ಲೇ ಹುಟ್ಟುತ್ತದೆ.

ರಸಾಯನ ಮೇಷ್ಟ್ರು

ಹಾಗಾದರೆ ಪರಮಾಣುಗಳನ್ನು ಎಣಿಸಿದ್ದು ಯಾರು? ಕಣ್ಣಿಗೇ ಕಾಣುವುದಿಲ್ಲವಲ್ಲ.

ತರ್ಕಪ್ಪ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ಮೇಷ್ಟ್ರೇ. ಈಶ್ವರ ಎಣಿಸುತ್ತಾನೆ ಅನ್ನುತ್ತದೆ ಸಂಪ್ರದಾಯ. ಪ್ರಶಸ್ತಪಾದರ ಹೊತ್ತಿಗೆ, ಅಂದರೆ ಸುಮಾರು 6ನೇ ಶತಮಾನಕ್ಕೆ, ಈ ಉತ್ತರ ಸಿಗುತ್ತದೆ. ಕಣಾದರ ಸೂತ್ರಗಳಲ್ಲಿ ಈಶ್ವರನ ಹೆಸರು ನೇರವಾಗಿ ಬರುವುದಿಲ್ಲ, ಅಲ್ಲಿ ಇದ್ದಾನೆ ಅಂತ ವ್ಯಾಖ್ಯಾನಕಾರರು ಓದಿಕೊಂಡರು. ಒಂದು ಅಳತೆಯ ಲೆಕ್ಕ ಸರಿಹೋಗಲು ದೇವರೇ ಬರಬೇಕಾಯಿತು ಅನ್ನಿಸುತ್ತದೆ ನನಗೆ, ನಮ್ಮ ಗುರುಗಳ ಮುಂದೆ ಮಾತ್ರ ಹೀಗೆ ಹೇಳುವ ಧೈರ್ಯ ಬರಲಿಲ್ಲ.

ಸರಿ, ದ್ವ್ಯಣುಕ ಆಯಿತು. ಅದರ ಅಳತೆಯೂ ಅಣುವೇ, ಕಣ್ಣಿಗೆ ಕಾಣುವುದಿಲ್ಲ. ಈಗ ಎರಡು ದ್ವ್ಯಣುಕ ಸೇರಿಸಿದರೆ? ಅಲ್ಲಿ ಇರುವುದು ಮತ್ತೆ ಎರಡುತನವೇ. ಎರಡುತನದಿಂದ ಏನು ಹುಟ್ಟುತ್ತದೆ ಅಂತ ಈಗಾಗಲೇ ನೋಡಿದೆವು, ಅಣು ಅಳತೆ. ಎಲ್ಲಿದ್ದೆವೋ ಅಲ್ಲೇ ನಿಂತೆವು. ದೊಡ್ಡತನ ಹುಟ್ಟಬೇಕಾದರೆ ಬೇರೆ ಕಾರಣ ಬೇಕು, ಅದು 'ಬಹಳತನ'. ಬಹಳ ಅನ್ನುವುದು ಶುರುವಾಗುವುದು ಮೂರರಿಂದ. ಆದ್ದರಿಂದ ಮೂರು ದ್ವ್ಯಣುಕ. ಅಲ್ಲಿ ಮೊದಲ ಸಲ ಮಹತ್ ಅನ್ನುವ ಅಳತೆ ಹುಟ್ಟುತ್ತದೆ, ಮಹತ್ ಇದ್ದರೆ ತಾನೇ ಕಣ್ಣಿಗೆ ಕಾಣುವುದು. ಬಿಸಿಲುಕೋಲಿನ ಕಣ ಯಾಕೆ ಉದಾಹರಣೆ ಅಂದರೆ ಕಾಣುವುದರಲ್ಲಿ ಅದೇ ಕೊನೆ.

ಇಲ್ಲಿ ನನ್ನದೊಂದು ಊಹೆ, ಯಾವ ಗ್ರಂಥದಲ್ಲೂ ಓದಿದ್ದಲ್ಲ. ಕನ್ನಡದಲ್ಲಿ ಎರಡಾದರೂ ಬಹುವಚನವೇ. ಸಂಸ್ಕೃತದಲ್ಲಿ ಎರಡಕ್ಕೆ ಬೇರೆ ವಚನ, ಮೂರರಿಂದ ಬಹುವಚನ. ಆ ಭಾಷೆಯಲ್ಲಿ ಯೋಚಿಸುವವನಿಗೆ ಎರಡಕ್ಕೂ ಮೂರಕ್ಕೂ ನಡುವೆ ಒಂದು ಹೊಸ್ತಿಲು ಇದೆ ಅಂತ ಸಹಜವಾಗಿ ಅನ್ನಿಸಿರಬೇಕು. ನಾವು ಕನ್ನಡದವರು ಎಡವುವುದೂ ಅಲ್ಲೇ ಇರಬಹುದು.

ಅರೆಬೆಂದ ಓದುಗ

ಅಬ್ಬಾ. ಈಗ ಅರ್ಥ ಆಯ್ತು, ಆದರೆ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿಯಿತಲ್ಲ. ಬಹಳತನವೇ ಸಾಕು ಅಂದರೆ ಮೂರು ಪರಮಾಣು ನೇರವಾಗಿ ಸೇರಲಿ. ಮೂರು ಇದೆ, ಬಹಳತನ ಇದೆ, ಕಾಣುವ ಕಣ ಆಯಿತು. ನಡುವೆ ಈ ದ್ವ್ಯಣುಕ ಯಾಕೆ?

ತರ್ಕಪ್ಪ

ಇದಕ್ಕೆ ಸಾಂಪ್ರದಾಯಿಕ ಉತ್ತರ ಹೀಗಿದೆ. ನಾವು ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಿಲ್ಲ, ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದೇವೆ. ಕಣ ಕಾಣುತ್ತದೆ. ಕಾಣುವ ದ್ರವ್ಯಕ್ಕೆ ಭಾಗಗಳಿರಬೇಕು, ಬಟ್ಟೆಗೆ ನೂಲು ಇರುವ ಹಾಗೆ. ಆ ಭಾಗಗಳಿಗೂ ಭಾಗಗಳಿರಬೇಕು, ಯಾಕಂದರೆ ದೊಡ್ಡ ವಸ್ತುವನ್ನು ಹುಟ್ಟಿಸುವ ಭಾಗ ಎಲ್ಲೇ ನೋಡಿದರೂ ತಾನೂ ಭಾಗಗಳಿಂದಲೇ ಆಗಿರುತ್ತದೆ, ನೂಲು ನಾರಿನಿಂದ ಆದ ಹಾಗೆ. ಮೊದಲ ಮೆಟ್ಟಿಲು ಇಳಿದರೆ ದ್ವ್ಯಣುಕ, ಎರಡನೆಯದು ಇಳಿದರೆ ಪರಮಾಣು. ಅಲ್ಲಿ ನಿಲ್ಲಿಸುತ್ತಾರೆ.

ಯಾಕೆ ಅಲ್ಲೇ ನಿಲ್ಲಿಸಬೇಕು ಅಂದರೆ ಪ್ರಸಿದ್ಧವಾದ ಸಾಸಿವೆ ಮತ್ತು ಮೇರು ಪರ್ವತದ ಮಾತು ಬರುತ್ತದೆ. ಇಳಿಯುವುದಕ್ಕೆ ಕೊನೆಯೇ ಇಲ್ಲ ಅಂದರೆ ಸಾಸಿವೆಯಲ್ಲೂ ಲೆಕ್ಕವಿಲ್ಲದಷ್ಟು ಭಾಗ, ಮೇರುವಿನಲ್ಲೂ ಲೆಕ್ಕವಿಲ್ಲದಷ್ಟು ಭಾಗ. ಆಗ ಎರಡೂ ಒಂದೇ ಅಳತೆ ಆಗಬೇಕು.

ಇನ್ನೊಂದು ವಾದವೂ ಇದೆ, ನನಗೆ ಇದು ಜಾಸ್ತಿ ಇಷ್ಟ. ಪರಮಾಣುಗಳು ಮೆಟ್ಟಿಲಿಲ್ಲದೆ ನೇರವಾಗಿ ಮಡಕೆ ಆಗುವುದಾದರೆ, ಮಡಕೆ ಒಡೆದಾಗ ಚೂರುಗಳು ಸಿಗಬಾರದಿತ್ತು, ಒಂದೇ ಸಲ ಪರಮಾಣು ಆಗಿ ಏನೂ ಕಾಣದೆ ಹೋಗಬೇಕಿತ್ತು. ಆದರೆ ಚೂರು ಸಿಗುತ್ತದೆ. ಅಂದರೆ ವಸ್ತು ಹಂತಹಂತವಾಗಿ ಕಟ್ಟಿಕೊಂಡಿದೆ. ಆದರೆ ನಿಜ ಹೇಳಬೇಕು, ಇದು ಮಡಕೆಗೆ ಹಂತಗಳು ಇವೆ ಅಂತ ತೋರಿಸುತ್ತದೆ, ಅತಿ ಕೆಳಗಿನ ಹಂತದಲ್ಲಿ ಎರಡರ ಜೋಡಿಯೇ ಬೇಕು ಅಂತ ತೋರಿಸುವುದಿಲ್ಲ.

ರಸಾಯನ ಮೇಷ್ಟ್ರು

ಸಾಸಿವೆ ವಾದ ಇವತ್ತು ನಿಲ್ಲುವುದಿಲ್ಲ ಸ್ವಾಮಿ. ಒಂದು ಅಂಗುಲದ ಗೆರೆಯಲ್ಲೂ ಒಂದು ಮೈಲಿಯ ಗೆರೆಯಲ್ಲೂ ಬಿಂದುಗಳ ಎಣಿಕೆ ಒಂದೇ, 19ನೇ ಶತಮಾನದಲ್ಲಿ ಕ್ಯಾಂಟರ್ ತೋರಿಸಿದ್ದು. ಎಣಿಕೆ ಒಂದೇ ಇದ್ದರೂ ಉದ್ದ ಬೇರೆ ಇರಬಹುದು.

ಶೂನ್ಯದ ಪಕ್ಕ

ಅದಕ್ಕಿಂತ ಹಳೆಯ ಏಟು ಬೌದ್ಧರದ್ದು. ವಸುಬಂಧು ಕೇಳಿದ್ದು ಇಷ್ಟೇ. ಒಂದು ಪರಮಾಣುವಿನ ಸುತ್ತ ಆರು ಪರಮಾಣು ಬಂದು ಸೇರಲಿ, ನಾಲ್ಕು ದಿಕ್ಕಿನಿಂದ ನಾಲ್ಕು, ಮೇಲೊಂದು, ಕೆಳಗೊಂದು. ಪೂರ್ವದಿಂದ ಬಂದದ್ದು ಮುಟ್ಟಿದ ಜಾಗ, ಪಶ್ಚಿಮದಿಂದ ಬಂದದ್ದು ಮುಟ್ಟಿದ ಜಾಗ ಬೇರೆ ಬೇರೆ ಆದರೆ ಪರಮಾಣುವಿಗೆ ಭಾಗ ಬಂತು. ಎಲ್ಲವೂ ಒಂದೇ ಜಾಗ ಮುಟ್ಟಿದರೆ ಏಳೂ ಒಂದರೊಳಗೊಂದು ಕೂತು ಒಂದೇ ಪರಮಾಣುವಿನಷ್ಟು ಆಯಿತು, ಆಗ ಮೇರುವೇ ಇಲ್ಲ. ಶಂಕರರೂ ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಭಾಷ್ಯದಲ್ಲಿ ಇದೇ ತರಹ ಹಿಡಿದು ಕೇಳುತ್ತಾರೆ.

ತರ್ಕಪ್ಪ

ವೈಶೇಷಿಕರು ಹೇಳುವುದು, ಸಂಯೋಗ ಅನ್ನುವುದು ಒಂದು ಗುಣ, ದಿಕ್ಕುಗಳ ಜೊತೆಗಿನ ನಂಟಿನಿಂದ ಪೂರ್ವ ಪಶ್ಚಿಮ ಅನ್ನುವ ಮಾತು ಬರುತ್ತದೆ, ಅದಕ್ಕೆ ಒಳಗೆ ಭಾಗ ಬೇಕಿಲ್ಲ ಅಂತ. ನಿಮಗೆ ಇದು ಸಾಲದು ಅಂತ ಗೊತ್ತು. ಎರಡು ಮತಗಳು ನೂರಾರು ವರ್ಷ ಜಗಳವಾಡಿದ್ದನ್ನು ಇಲ್ಲಿ ಮುಗಿಸಲು ಆಗುವುದಿಲ್ಲ.

ಆವೆಮಣ್ಣು

ಚರ್ಚೆ ಪೂರ್ತಿ ಅರ್ಥ ಆಗಲಿಲ್ಲ, ಆದರೆ ಮಡಕೆ ಅಂದ ಕೂಡಲೇ ಬಂದೆ. ನಾನು ಮಡಕೆ ಮಾಡುವವಳು. ಒಂದು ಕಡೆ ಓದಿದ್ದೆ, ಆವಿಗೆಯಲ್ಲಿ ಬೇಯುವಾಗ ಮಡಕೆ ಪೂರ್ತಿ ಪರಮಾಣುಗಳಾಗಿ ಒಡೆದು, ಕೆಂಪಾಗಿ, ಮತ್ತೆ ಮಡಕೆಯಾಗಿ ಸೇರುತ್ತದೆ ಅಂತ ಈ ಶಾಸ್ತ್ರದವರು ಹೇಳುತ್ತಾರಂತೆ. ಇದು ನಿಜವಾ? ಯಾರಾದರೂ ಒಂದು ದಿನವಾದರೂ ಆವಿಗೆಯ ಪಕ್ಕ ಕೂತಿದ್ದರಾ ಅಂತ ಕೇಳಬೇಕು ಅನ್ನಿಸಿತು. ನಾವು ಒಂದರ ಮೇಲೊಂದು ಮಡಕೆ ಪೇರಿಸುತ್ತೇವೆ. ಕೆಳಗಿನದು ಒಂದು ಗಳಿಗೆ ಇಲ್ಲದೆ ಹೋದರೆ ಮೇಲಿನ ಸಾಲೆಲ್ಲ ಧಡ್ ಅಂತ ಕೂರುತ್ತದೆ. ಹಾಗೆ ಆಗುವುದಿಲ್ಲ. ಮಡಕೆ ಸರಿಯಾಗಿ ಒಣಗದೆ ಇದ್ದರೆ ಒಡೆಯುತ್ತದೆ, ಆದರೆ ಒಡೆದದ್ದು ಮತ್ತೆ ಸೇರುವುದನ್ನು ನಾನಂತೂ ನೋಡಿಲ್ಲ!

ತರ್ಕಪ್ಪ

ಅಕ್ಕಾ, ನೀವು ನೈಯಾಯಿಕರ, ಅಂದರೆ ವೈಶೇಷಿಕದ ಜೊತೆಗಾರ ನ್ಯಾಯ ದರ್ಶನದವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಿದಿರಿ. ಪೇರಿಸಿದ ಮಡಕೆ ಬೀಳುವುದಿಲ್ಲವಲ್ಲ ಅನ್ನುವುದು ಅವರ ಆಕ್ಷೇಪಣೆಯೇ. ಕಿಂಡಿಯಲ್ಲಿ ಇಣುಕಿ ನೋಡಿದರೆ ಮಡಕೆ ಅಲ್ಲೇ ಇದೆ, ಹೊರಗೆ ತೆಗೆದಾಗ 'ಅದೇ ಮಡಕೆ' ಅಂತ ಗುರುತು ಸಿಗುತ್ತದೆ, ಇದನ್ನೂ ಸೇರಿಸುತ್ತಾರೆ. ಅವರ ಪ್ರಕಾರ ಮಡಕೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಬೆಂಕಿ ಅದರೊಳಗೆ ನುಗ್ಗುತ್ತದೆ, ಮಡಕೆ ಮಡಕೆಯಾಗಿಯೇ ಇದ್ದು ಬಣ್ಣ ಬದಲಿಸುತ್ತದೆ.

ವೈಶೇಷಿಕರು ಯಾಕೆ ಇಷ್ಟು ಹಟ ಹಿಡಿದರು ಅಂತ ಹೇಳಿದರೆ ಮೇಲಿನ ಮಾತೆಲ್ಲ ಒಂದಾಗುತ್ತದೆ. ಇಡೀ ವಸ್ತುವಿನ ಬಣ್ಣ ಬರುವುದು ಅದರ ಭಾಗಗಳ ಬಣ್ಣದಿಂದ. ಬಟ್ಟೆ ನೀಲಿ ಯಾಕೆ, ನೂಲು ನೀಲಿ. ನೂಲು ನೀಲಿ ಇರುವಾಗ ಬಟ್ಟೆ ತಾನೊಂದೇ ಕೆಂಪಾಗಲು ಸಾಧ್ಯವಿಲ್ಲ. ಹಾಗೆಯೇ ಮಡಕೆ ಕೆಂಪಾಗಬೇಕಾದರೆ ಅದರ ಚೂರು ಕೆಂಪಾಗಬೇಕು, ಚೂರಿನ ಚೂರು ಕೆಂಪಾಗಬೇಕು, ಕೊನೆಗೆ ಪರಮಾಣುವೇ ಕೆಂಪಾಗಬೇಕು. ಪರಮಾಣುವಿನಲ್ಲೇ ಬಣ್ಣ ಬದಲಾಗುವುದು ಮಣ್ಣಿನ ಜಾತಿಗೆ ಮಾತ್ರ. ನೀರು ಕಾಯಿಸಿದರೆ ಬಿಸಿ ಆದದ್ದು ನೀರಲ್ಲ, ಅದರೊಳಗೆ ಹೊಕ್ಕ ಬೆಂಕಿಯ ಕಣಗಳ ಬಿಸಿ ಕೈಗೆ ತಾಗುತ್ತಿದೆ ಅನ್ನುತ್ತಾರೆ. ಅದಕ್ಕೇ ಇಳಿಸಿಟ್ಟರೆ ಆರುತ್ತದೆ. ಮಡಕೆಯನ್ನು ಇಳಿಸಿಟ್ಟರೆ ಕೆಂಪು ಹೋಗುವುದಿಲ್ಲ.

ಈಗ, ಮಡಕೆ ಇಡಿಯಾಗಿ ಇರುವಾಗ ಬೆಂಕಿ ಒಳಗಿನ ಒಂದೊಂದು ಪರಮಾಣುವನ್ನೂ ಮುಟ್ಟುವುದು ಹೇಗೆ? ಮುಟ್ಟಲಾರದು ಅನ್ನುವುದು ಇವರ ಉತ್ತರ. ಆದ್ದರಿಂದ ನಡೆಯುವುದು ಹೀಗೆ. ಬೆಂಕಿ ಬಡಿಯುತ್ತದೆ, ಪರಮಾಣುವಿನಲ್ಲಿ ಚಲನೆ ಹುಟ್ಟುತ್ತದೆ, ಚಲನೆಯಿಂದ ಜೋಡಿ ಬಿಡುತ್ತದೆ, ಅವುಗಳ ಸಂಯೋಗ ಹೋಗುತ್ತದೆ, ಸಂಯೋಗ ಹೋದರೆ ದ್ವ್ಯಣುಕ ಇಲ್ಲ. ಬಿಡಿಯಾದ ಪರಮಾಣುವಿನ ಕಪ್ಪು ಹೋಗಿ ಕೆಂಪು ಹುಟ್ಟುತ್ತದೆ. ಆಮೇಲೆ ಮತ್ತೆ ಚಲನೆ, ಮತ್ತೆ ಸಂಯೋಗ, ಕೆಂಪು ದ್ವ್ಯಣುಕ, ಕೆಂಪು ತ್ರ್ಯಣುಕ, ಹೀಗೆ ಕೆಂಪು ಮಡಕೆಯವರೆಗೆ. ಒಡೆಯುವುದರಿಂದ ಹಿಡಿದು ಹೊಸ ದ್ವ್ಯಣುಕಕ್ಕೆ ಕೆಂಪು ಬರುವವರೆಗೆ ಒಂಬತ್ತು ಕ್ಷಣವೋ ಹತ್ತು ಕ್ಷಣವೋ ಅಂತ ಕೂತು ಲೆಕ್ಕ ಹಾಕಿದ್ದಾರೆ. ಕಣ್ಣಿಗೆ ಕಾಣದ್ದು ಯಾಕೆ ಅಂದರೆ ಅಷ್ಟು ಬೇಗ ಆಗುತ್ತದೆ. ನೂರು ಕಮಲದ ದಳ ಪೇರಿಸಿ ಸೂಜಿ ಚುಚ್ಚಿದರೆ ಒಂದೇ ಸಲ ತೂರಿದ ಹಾಗೆ ಕಾಣುತ್ತದೆ, ಆದರೆ ಒಂದಾದ ಮೇಲೊಂದು ತೂರಿದ್ದು ಅಲ್ವಾ.

ಮೇಲೆ ಹೇಳಿದ ಪಟ್ಟಿ ಇಲ್ಲಿ ಕೆಲಸ ಮಾಡುವುದನ್ನು ಗಮನಿಸಿ. ಚಲನೆ ಕರ್ಮ, ಕೂಡುವುದೂ ಬಿಡುವುದೂ ಬಣ್ಣವೂ ಗುಣ, ಹಳೆ ಮಡಕೆ ಹೋದದ್ದು ಅಭಾವ. ಪಟ್ಟಿ ಇರುವುದು ಇಂಥ ಒಂದು ಘಟನೆಯನ್ನು ಬಿಡಿಸಿ, ಯಾವುದರಿಂದ ಯಾವುದಾಯಿತು ಅಂತ ಹೇಳುವುದಕ್ಕೆ.

ರಸಾಯನ ಮೇಷ್ಟ್ರು

ಕೆಂಪಿಗೆ ನಮ್ಮ ಕಡೆಯ ಉತ್ತರ, ಮಣ್ಣಿನಲ್ಲಿರುವ ಕಬ್ಬಿಣ ಗಾಳಿಯ ಆಕ್ಸಿಜನ್ ಜೊತೆ ಸೇರಿ ಕೆಂಪು ಆಕ್ಸೈಡ್ ಆಗುತ್ತದೆ. ಪರಮಾಣುವಿಗೆ ಬಣ್ಣವೇ ಇಲ್ಲ, ಬಣ್ಣ ಬರುವುದು ಅವು ಹೇಗೆ ಕೂಡಿವೆ ಅನ್ನುವುದರಿಂದ. ಇದು ವೈಶೇಷಿಕಕ್ಕೆ ಸರಿ ಉಲ್ಟಾ. ಆದರೆ ಒಂದು ಮಾತು ಒಪ್ಪುತ್ತೇನೆ. ಬದಲಾವಣೆ ಆಗುವುದು ಕಣ್ಣಿಗೆ ಕಾಣದ ಮಟ್ಟದಲ್ಲಿ, ಅಲ್ಲಿ ಹಳೆಯ ಕೂಡಿಕೆ ಬಿಟ್ಟು ಹೊಸ ಕೂಡಿಕೆ ಆಗುತ್ತದೆ ಅನ್ನುವ ಹಟ ಇದೆಯಲ್ಲ, ಅದು ನೈಯಾಯಿಕರ ಮಾತಿಗಿಂತ ನನಗೆ ಹತ್ತಿರ.

ಪ್ರಾಚೀನ ಪ್ರೇಮಿ

ನೋಡಿ, ನಾನು ಹೇಳಿದ್ದೂ ಅದೇ.

ರಸಾಯನ ಮೇಷ್ಟ್ರು

ಅಲ್ಲ.

ಆವೆಮಣ್ಣು

ಒಂದು ಅನುಮಾನ. ಉರಿ ಸಾಲದೆ ಅರೆಬೆಂದ ಮಡಕೆಯನ್ನು ಒಡೆದು ನೋಡಿದ್ದೀರಾ? ಚೂರಿನ ಅಂಚಿನಲ್ಲಿ ಮೂರು ಪಟ್ಟಿ ಕಾಣುತ್ತದೆ. ಹೊರಗೆ ಕೆಂಪು, ಒಳಮೈ ಕೆಂಪು, ನಡುವೆ ಕಪ್ಪು. ಬೆಂಕಿ ಹೊರಗಿನಿಂದ ನಿಧಾನವಾಗಿ ಒಳಗೆ ಹೋಗುತ್ತಾ ಅರ್ಧದಲ್ಲಿ ನಿಂತದ್ದು ಅದು. ಮಡಕೆ ಪೂರ್ತಿ ಬಿಚ್ಚಿಕೊಂಡು ಎಲ್ಲ ಪರಮಾಣುವನ್ನೂ ಬೆಂಕಿ ಮುಟ್ಟಿದ್ದರೆ ನಡುವಿನ ಕಪ್ಪು ಹೇಗೆ ಉಳಿಯಿತು?

ತರ್ಕಪ್ಪ

ಇದು ನನಗೆ ಹೊಳೆದೇ ಇರಲಿಲ್ಲ. ಒಂದು ದಾರಿ ಇದೆ. ಭಾಗ ಹೋದರೆ ಇಡೀ ವಸ್ತು ಹೋದ ಹಾಗೆ, ಉಳಿದ ಭಾಗಗಳಿಂದ ಬೇರೊಂದು ವಸ್ತು ಹುಟ್ಟುತ್ತದೆ ಅಂತ ಅವರು ಒಪ್ಪುತ್ತಾರೆ. ಬಟ್ಟೆಯಿಂದ ಒಂದು ಎಳೆ ಕಿತ್ತರೆ ಹಳೆ ಬಟ್ಟೆ ಹೋಗಿ ಹೊಸ ಬಟ್ಟೆ ಅನ್ನುವವರು. ಹಾಗಾಗಿ ಹೊರಪದರ ಮಾತ್ರ ಬಿಚ್ಚಿಕೊಂಡು ಕೆಂಪಾಯಿತು, ನಡುವಿನ ಭಾಗ ಬಿಚ್ಚಲೇ ಇಲ್ಲ, ಆದರೂ ಇದು ಹೊಸ ಮಡಕೆಯೇ ಅನ್ನಬಹುದು. ಆದರೆ ಹಾಗೆ ಪದರ ಪದರವಾಗಿ ಆಗಬಹುದು ಅಂದ ಮೇಲೆ ಒಳಗೆ ಮುಟ್ಟಲಾರದು, ಅದಕ್ಕೇ ಪೂರ್ತಿ ಒಡೆಯಬೇಕು ಅನ್ನುವ ಮೊದಲಿನ ಕಾರಣ ಸ್ವಲ್ಪ ಸಡಿಲ ಆಯಿತು. ಯೋಚನೆ ಮಾಡಬೇಕು.

ಅರೆಬೆಂದ ಓದುಗ

ವಿಶೇಷ ಒಂದನ್ನು ಬಾಕಿ ಇಟ್ಟಿದ್ದಿರಿ ಸರ್. ಈ ಮಡಕೆ ಮಾತಿಗೆ ಅದು ಬೇಕೇ ಬೇಕು ಅನಿಸುತ್ತಿದೆ. ಬಿಡಿಯಾದ ಪರಮಾಣುಗಳೆಲ್ಲ ಒಂದೇ ಜಾತಿ, ಒಂದೇ ಅಳತೆ, ಈಗ ಒಂದೇ ಬಣ್ಣ. ಇದು ಬೇರೆ, ಅದು ಬೇರೆ ಅಂತ ಹೇಳುವುದು ಹೇಗೆ?

ತರ್ಕಪ್ಪ

ಇದೇ ಕಾರಣಕ್ಕೆ ವಿಶೇಷ ಬಂತು. ಎರಡು ಮಡಕೆಗಳನ್ನು ಅವುಗಳ ಭಾಗದಿಂದ ಬೇರೆ ಮಾಡುತ್ತೇವೆ, ಭಾಗವನ್ನು ಅದರ ಭಾಗದಿಂದ. ಪರಮಾಣುವಿಗೆ ಬಂದಾಗ ಭಾಗ ಇಲ್ಲ. ಆದ್ದರಿಂದ ಪ್ರತಿ ಪರಮಾಣುವಿಗೂ ತನ್ನದೇ ಒಂದು ವಿಶೇಷ, ಬೇರೆತನ. ಎರಡು ವಿಶೇಷಗಳು ಬೇರೆ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಬೇಡಿ, ಅವು ತಾವಾಗಿಯೇ ಬೇರೆ, ಅಲ್ಲಿಗೆ ನಿಲ್ಲಿಸಿ ಅನ್ನುತ್ತಾರೆ. ಯೋಗಿಗಳಿಗೆ ಅವು ಕಾಣುತ್ತವಂತೆ. ವೈಶೇಷಿಕ ಅನ್ನುವ ಹೆಸರು ಇದರಿಂದಲೇ ಬಂತು ಅಂತ ಸಾಮಾನ್ಯವಾಗಿ ಹೇಳುವುದು.

ಶೂನ್ಯದ ಪಕ್ಕ

ತಾವಾಗಿಯೇ ಬೇರೆ ಅನ್ನುವ ಸೌಲಭ್ಯವನ್ನು ಪರಮಾಣುವಿಗೇ ಕೊಟ್ಟಿದ್ದರೆ ಈ ವಿಶೇಷ ಬೇಕಿತ್ತಾ?

ತರ್ಕಪ್ಪ

ಬೇಡ ಅಂತ ಅವರ ಮನೆಯೊಳಗಿನವನೇ ಹೇಳಿದ್ದಾನೆ. ನವದ್ವೀಪದ ರಘುನಾಥ ಶಿರೋಮಣಿ, 16ನೇ ಶತಮಾನ, ನವ್ಯನ್ಯಾಯದ ದೊಡ್ಡ ತಲೆ. ವಿಶೇಷ ಬೇಡ ಅಂದ. ಸಂಖ್ಯೆ ಗುಣ ಅಲ್ಲ, ಬೇರೆಯೇ ಪದಾರ್ಥ ಅಂದ. ಅರೆಬೆಂದ ಓದುಗರೇ, ನಿಮಗೆ ಇನ್ನೂ ಇಷ್ಟವಾಗುವ ಮಾತು, ಪರಮಾಣುವೂ ಬೇಡ, ದ್ವ್ಯಣುಕವೂ ಬೇಡ, ಕಾಣುವ ಧೂಳಿನ ಕಣದಲ್ಲೇ ನಿಲ್ಲಿಸಿ ಅಂದ. ಕಾಣುವುದಕ್ಕೆಲ್ಲ ಭಾಗ ಇರಲೇಬೇಕು ಅನ್ನುವ ನಿಯಮ ಹಿಡಿದರೆ ಪರಮಾಣುವಿನ ಕೆಳಗೂ ಅದೇ ತರಹ ಇಳಿಯುತ್ತಾ ಹೋಗಬಹುದು, ಎಲ್ಲೋ ಒಂದು ಕಡೆ ನಿಲ್ಲಲೇಬೇಕಾದರೆ ಕಣ್ಣಿಗೆ ಕಾಣುವಲ್ಲೇ ನಿಲ್ಲೋಣ ಅನ್ನುವ ಧಾಟಿ ಅವನದು.

ಅರೆಬೆಂದ ಓದುಗ

ಅಂದರೆ ನಾನು ಎರಡು ವಾರ ತಲೆ ಕೆಡಿಸಿಕೊಂಡ ಆರು ಪರಮಾಣುಗಳನ್ನು ಅವನು ಒಂದೇ ಮಾತಿನಲ್ಲಿ ಗುಡಿಸಿ ಹಾಕಿದ.

ಬೆಳಗಿನ ಬಿಸಿಲು

ನಾನು ಮೊದಲೇ ಹೇಳಿದ್ದೆ, ಧೂಳು ಗುಡಿಸಬೇಕು ಅಂತ.

ತರ್ಕಪ್ಪ

ಗುಡಿಸಿದರೂ ಹೋಗಲಿಲ್ಲ. ರಘುನಾಥನ ನಂತರದ 17ನೇ ಶತಮಾನದಲ್ಲಿ ನಿಮ್ಮ ಅನ್ನಂಭಟ್ಟರು ಮತ್ತೆ ಆ ಆರನ್ನೇ ಬರೆದರು. ಮಕ್ಕಳಿಗೆ ಹೇಳಿಕೊಡುವ ಪುಸ್ತಕದಲ್ಲಿ ಹಳೆ ಪಟ್ಟಿಯೇ ಉಳಿಯಿತು.

ಅಕ್ಕಾ, ಆ ಅರೆಬೆಂದ ಚೂರಿನ ಫೋಟೋ ಇದ್ದರೆ ಹಾಕಿ. ಕಪ್ಪಿಗೂ ಕೆಂಪಿಗೂ ನಡುವೆ ಗೆರೆ ಎಳೆದ ಹಾಗೆ ಇರುತ್ತದಾ, ಇಲ್ಲ ನಿಧಾನವಾಗಿ ಬೆರೆಯುತ್ತದಾ ಅಂತ ನೋಡಬೇಕು.

ಆವೆಮಣ್ಣು

ಎರಡು ತರಹವೂ ಸಿಗುತ್ತದೆ. ನಾಡಿದ್ದು ಆವಿಗೆ ಬಿಚ್ಚುವುದಿದೆ, ಮೂಲೆಯಲ್ಲಿಟ್ಟವು ಕೆಲವು ಬೆಂದಿರುವುದಿಲ್ಲ. ಒಡೆದು ಹಾಕುತ್ತೇನೆ.